ಎಸ್‌ಐಪಿ ಸ್ಟೇಟ್‌ಮೆಂಟ್ ಓದಿ ನಿಜವಾದ ವಾರ್ಷಿಕ ಗಳಿಕೆ ಲೆಕ್ಕ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಎಸ್‌ಐಪಿ ಕಂತು ಕಟ್ಟಿದವರು ಗಳಿಕೆ ಲೆಕ್ಕ ಹಾಕುವಾಗ ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ಒಟ್ಟು ಕಟ್ಟಿದ್ದೆಷ್ಟು, ಈಗಿನ ಬೆಲೆ ಎಷ್ಟು ಎಂದು ನೋಡಿ, ವ್ಯತ್ಯಾಸವನ್ನು ಶೇಕಡಾವಾರು ಮಾಡಿ, ಅದನ್ನು ವರ್ಷಗಳಿಂದ ಭಾಗಿಸುತ್ತಾರೆ. ಮೊದಲ ಕಂತಿನ ಹಣ ವರ್ಷವಿಡೀ ದುಡಿದಿದೆ, ಕೊನೆಯ ಕಂತಿನ ಹಣ ದುಡಿದದ್ದು ಒಂದೇ ತಿಂಗಳು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಉತ್ತರ ತಪ್ಪಾಗುತ್ತದೆ. ಪ್ರತಿ ಕಂತಿನ ತಾರೀಖನ್ನೂ ಗಣನೆಗೆ ತೆಗೆದುಕೊಳ್ಳುವ ಲೆಕ್ಕಕ್ಕೆ XIRR ಎಂದು ಹೆಸರು. ಸ್ಪ್ರೆಡ್‌ಶೀಟ್‌ನಲ್ಲಿ ಅದು ಒಂದೇ ಸಾಲಿನ ಸೂತ್ರ. ಆದರೆ ಸೂತ್ರಕ್ಕೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು ಎಂಬುದು ಸ್ಟೇಟ್‌ಮೆಂಟನ್ನು ಸರಿಯಾಗಿ ಓದಿದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಓದುವುದಕ್ಕೆ.

ಉದ್ದಕ್ಕೂ ಒಂದೇ ಉದಾಹರಣೆ ಬಳಸುತ್ತೇವೆ. ಒಂದು ಈಕ್ವಿಟಿ ಫಂಡಿನ ಗ್ರೋತ್ ಪ್ಲಾನ್, ತಿಂಗಳ 5ನೇ ತಾರೀಖಿಗೆ 10,000 ರೂಪಾಯಿ ಕಂತು, 2023ರ ಜನವರಿಯಿಂದ ಡಿಸೆಂಬರ್‌ವರೆಗೆ. ಆಗಸ್ಟ್ ಕಂತು ಬೌನ್ಸ್ ಆಗಿದೆ, ಅಕ್ಟೋಬರ್‌ನಲ್ಲಿ ಒಂದಿಷ್ಟು ಹಣ ಹಿಂತೆಗೆಯಲಾಗಿದೆ. ಲೆಕ್ಕ ಹಾಕುವ ದಿನ 2024ರ ಜನವರಿ 5. ಫಂಡೂ ಅದರ ಎನ್‌ಎವಿಯೂ, ಅಂದರೆ ಒಂದು ಯೂನಿಟ್‌ನ ಬೆಲೆಯೂ, ಉದಾಹರಣೆಗಾಗಿ ಮಾಡಿಕೊಂಡವು. ಲೆಕ್ಕದ ನಿಯಮಗಳು ಮಾತ್ರ ನಿಜವಾದ ಸ್ಟೇಟ್‌ಮೆಂಟ್‌ಗಳವು.

## ಬೇಕಾಗುವುದು

ಮೊದಲ ಕಂತಿನಿಂದ ಇಂದಿನವರೆಗಿನ ಪೂರ್ತಿ ಸ್ಟೇಟ್‌ಮೆಂಟ್, ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಯಾವುದಾದರೊಂದು, ಮತ್ತು ತಾಳೆ ನೋಡಲು ಬ್ಯಾಂಕಿನ ಪಾಸ್‌ಬುಕ್. ಕಂತುಗಳು ನಲವತ್ತು ಐವತ್ತರೊಳಗಿದ್ದರೆ ಪಿಡಿಎಫ್‌ನಿಂದ ಕಾಪಿ ಮಾಡುವ ಬದಲು ಕೈಯಾರೆ ಟೈಪ್ ಮಾಡುವುದೇ ಒಳ್ಳೆಯದು. ಕಾಪಿ ಮಾಡಿದಾಗ ತಾರೀಖು, ಅಂಕಿಗಳು ಸದ್ದಿಲ್ಲದೆ ಅಕ್ಷರಗಳಾಗಿ ಕೂರುತ್ತವೆ, ಆ ತಪ್ಪನ್ನು ಹುಡುಕುವುದರಲ್ಲೇ ಉಳಿಸಿದ ಸಮಯ ಹೋಗುತ್ತದೆ.

## ಹಂತ 1: ಸರಿಯಾದ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ

ಪ್ರತಿ ತಿಂಗಳು ಇಮೇಲ್‌ಗೆ ಬರುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ ಒಟ್ಟು ಸ್ಟೇಟ್‌ಮೆಂಟ್ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಆ ತಿಂಗಳ ವ್ಯವಹಾರ ಮತ್ತು ಕೈಯಲ್ಲಿರುವ ಯೂನಿಟ್‌ಗಳ ಪಟ್ಟಿ ಇರುತ್ತದೆಯೇ ಹೊರತು ಹಳೆಯ ಕಂತುಗಳ ತಾರೀಖು ಇರುವುದಿಲ್ಲ.

ನಮಗೆ ಬೇಕಿರುವುದು ಫಂಡ್‌ಗಳ ಪರವಾಗಿ ಹೂಡಿಕೆದಾರರ ದಾಖಲೆ ಇಡುವ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ಜಾಲತಾಣದಲ್ಲಿ ಕೇಳಿ ಪಡೆಯುವ ಒಟ್ಟು ಖಾತೆ ಸ್ಟೇಟ್‌ಮೆಂಟ್. ಅರ್ಜಿಯಲ್ಲಿ Summary ಬದಲು Detailed ಆರಿಸಿ. ಅವಧಿ ಕೇಳಿದಾಗ ನೀವೇ ತಾರೀಖು ಕೊಡುವ ಆಯ್ಕೆ ಒತ್ತಿ, ಮೊದಲ ಕಂತಿಗಿಂತ ಹಿಂದಿನ ಒಂದು ತಾರೀಖು ಹಾಕಿ. ಸರಿಯಾದ ತಾರೀಖು ನೆನಪಿಲ್ಲದಿದ್ದರೆ ಒಂದೆರಡು ವರ್ಷ ಹಿಂದಕ್ಕೇ ಹೋಗಿ, ನಷ್ಟವೇನಿಲ್ಲ. ಪೂರ್ತಿ ಹಿಂತೆಗೆದ ಫಂಡ್‌ಗಳನ್ನೂ ಲೆಕ್ಕಕ್ಕೆ ಸೇರಿಸುವುದಿದ್ದರೆ ಶೂನ್ಯ ಬಾಕಿಯ ಫೋಲಿಯೊಗಳೂ ಬರುವಂತೆ ಆರಿಸಬೇಕು. ಇಮೇಲ್ ವಿಳಾಸ ಫಂಡ್‌ನಲ್ಲಿ ನೋಂದಾಯಿಸಿದ್ದೇ ಆಗಿರಬೇಕು. ಎರಡು ಫೋಲಿಯೊಗಳಿಗೆ ಎರಡು ಇಮೇಲ್ ಕೊಟ್ಟಿದ್ದರೆ ಒಂದು ಅರ್ಜಿಗೆ ಎರಡೂ ಬರುವುದಿಲ್ಲ. ಸ್ಟೇಟ್‌ಮೆಂಟ್ ಅಪೂರ್ಣವಾಗಿ ಬರಲು ಇದೊಂದು ಸಾಮಾನ್ಯ ಕಾರಣ.

## ಹಂತ 2: ಓದುವ ಮುಂಚೆ ಎರಡು ಪರೀಕ್ಷೆ

ಫಂಡಿನ ಹೆಸರಿನ ಕೆಳಗೆ, ವ್ಯವಹಾರದ ಮೊದಲ ಸಾಲಿಗಿಂತ ಮೇಲೆ, Opening Unit Balance ಎಂದಿರುತ್ತದೆ. ಅದು 0.000 ಇರಬೇಕು. ಬೇರೆ ಅಂಕಿ ಇದ್ದರೆ ನೀವು ಕೊಟ್ಟ ಅವಧಿಗಿಂತ ಮುಂಚೆಯೇ ಯೂನಿಟ್‌ಗಳಿದ್ದವು, ಅವನ್ನು ಕೊಂಡ ಹಣ ಈ ಪಟ್ಟಿಯಲ್ಲಿಲ್ಲ ಎಂದರ್ಥ. ಹಾಗೇ ಮುಂದುವರಿದರೆ ಪುಕ್ಕಟೆ ಯೂನಿಟ್ ಸಿಕ್ಕಂತೆ ಲೆಕ್ಕವಾಗಿ ಗಳಿಕೆ ವಿಪರೀತ ಹೆಚ್ಚು ಬರುತ್ತದೆ. ಹಿಂದಿನ ತಾರೀಖು ಕೊಟ್ಟು ಸ್ಟೇಟ್‌ಮೆಂಟ್ ಮತ್ತೆ ತರಿಸಿ.

ಎರಡನೆಯದು ಕೊನೆಯ ಸಾಲಿನ ಪರೀಕ್ಷೆ. ಅಲ್ಲಿ Closing Unit Balance, ಆ ದಿನದ NAV ಮತ್ತು Market Value ಇರುತ್ತವೆ. ಯೂನಿಟ್‌ಗಳನ್ನು ಎನ್‌ಎವಿಯಿಂದ ಗುಣಿಸಿ. ನಮ್ಮ ಉದಾಹರಣೆಯಲ್ಲಿ 1,755.178 ಯೂನಿಟ್, ಎನ್‌ಎವಿ 57.0000. ಗುಣಿಸಿದರೆ 1,00,045.15 ರೂಪಾಯಿ, ಸ್ಟೇಟ್‌ಮೆಂಟ್‌ನಲ್ಲೂ ಅಷ್ಟೇ. ಇಲ್ಲಿ ಎನ್‌ಎವಿಯ ತಾರೀಖನ್ನು ಬರೆದಿಟ್ಟುಕೊಳ್ಳಿ. ಕೊನೆಯ ಬೆಲೆಗೆ ಹಾಕಬೇಕಾದ ತಾರೀಖು ಅದೇ. ಸ್ಟೇಟ್‌ಮೆಂಟ್ ಭಾನುವಾರ ತಯಾರಾಗಿದ್ದರೂ ಎನ್‌ಎವಿ ಶುಕ್ರವಾರದ್ದಾಗಿರುತ್ತದೆ.

ಅದೇ ಸಾಲಿನಲ್ಲಿ Total Cost Value ಎಂಬ ಅಂಕಿಯೂ ಇರಬಹುದು. ಅದನ್ನು ನೀವು ಕಟ್ಟಿದ ಒಟ್ಟು ಹಣ ಎಂದುಕೊಳ್ಳಬೇಡಿ. ಈಗ ಉಳಿದಿರುವ ಯೂನಿಟ್‌ಗಳನ್ನು ಕೊಳ್ಳಲು ತಗುಲಿದ್ದು ಮಾತ್ರ ಅದರಲ್ಲಿರುತ್ತದೆ. ಹಿಂತೆಗೆತದಲ್ಲಿ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ, ಅವುಗಳ ಖರ್ಚೂ ಜೊತೆಗೇ ಕಳೆದುಹೋಗುತ್ತದೆ. ನಮ್ಮ ಉದಾಹರಣೆಯಲ್ಲಿ ಕಟ್ಟಿದ್ದು 1,10,000, ಆದರೆ ಈ ಅಂಕಿ ಸುಮಾರು 92,000.

## ಹಂತ 3: ಸಾಲುಗಳನ್ನು ಒಂದೊಂದಾಗಿ ಓದಿ

ಪ್ರತಿ ಸಾಲಿನಲ್ಲೂ ತಾರೀಖು, ವ್ಯವಹಾರದ ವಿವರ, ಮೊತ್ತ, ಯೂನಿಟ್, ಎನ್‌ಎವಿ ಮತ್ತು ಒಟ್ಟು ಯೂನಿಟ್ ಇರುತ್ತವೆ. ಒಂದು ಕಂತನ್ನು ಹತ್ತಿರದಿಂದ ನೋಡೋಣ:

```
06-Feb-2023  Purchase - SIP   9,999.50   204.405   48.9200   404.395
06-Feb-2023  *** Stamp Duty ***   0.50
```

ಬ್ಯಾಂಕಿನಿಂದ ಹೋದದ್ದು 10,000. ಸಾಲಿನಲ್ಲಿರುವುದು 9,999.50. ಉಳಿದ ಐವತ್ತು ಪೈಸೆ ಸ್ಟಾಂಪ್ ಡ್ಯೂಟಿ. 2020ರ ಜುಲೈ 1ರಿಂದ ಮ್ಯೂಚುವಲ್ ಫಂಡ್ ಖರೀದಿಗೆ ಶೇ. 0.005ರಷ್ಟು ಸ್ಟಾಂಪ್ ಡ್ಯೂಟಿ ಬೀಳುತ್ತಿದೆ, ಅದನ್ನು ಕಳೆದ ಮೇಲೆ ಉಳಿದ ಹಣಕ್ಕೆ ಯೂನಿಟ್ ಸಿಗುತ್ತದೆ. 9,999.50ನ್ನು 48.92ರಿಂದ ಭಾಗಿಸಿದರೆ 204.405 ಬರುತ್ತದೆ, ಸಾಲು ಸರಿಯಾಗಿದೆ. ಆದರೆ ನಮ್ಮ ಪಟ್ಟಿಗೆ ಹೋಗಬೇಕಾದ್ದು ಜೇಬಿನಿಂದ ಹೋದ 10,000. ಸ್ಟಾಂಪ್ ಡ್ಯೂಟಿ ಸಾಲನ್ನು ಪ್ರತ್ಯೇಕವಾಗಿ ಸೇರಿಸಬೇಡಿ.

ತಾರೀಖನ್ನೂ ಗಮನಿಸಿ. ಕಂತಿನ ದಿನ 5, ಸಾಲಿನಲ್ಲಿರುವುದು 6. 2023ರ ಫೆಬ್ರುವರಿ 5 ಭಾನುವಾರ, ಹಾಗಾಗಿ ಸೋಮವಾರದ ಎನ್‌ಎವಿ ಸಿಕ್ಕಿದೆ. 2021ರ ಫೆಬ್ರುವರಿ 1ರಿಂದ, ಹಣ ಫಂಡಿನ ಕೈಸೇರಿದ ದಿನವನ್ನು ನೋಡಿಯೇ ಎನ್‌ಎವಿ ಕೊಡಲಾಗುತ್ತದೆ. ಆದ್ದರಿಂದ ಬ್ಯಾಂಕಿನಲ್ಲಿ ಹಣ ಕಡಿತವಾದ ದಿನಕ್ಕೂ ಸಾಲಿನ ದಿನಕ್ಕೂ ಒಂದೆರಡು ದಿನ ವ್ಯತ್ಯಾಸ ಬರಬಹುದು. ಫಂಡಿನ ಗಳಿಕೆ ಅಳೆಯುವಾಗ ಸ್ಟೇಟ್‌ಮೆಂಟ್‌ನ ತಾರೀಖನ್ನೇ ಬಳಸಿ, ಎಲ್ಲ ಸಾಲುಗಳಿಗೂ ಅದನ್ನೇ ಪಾಲಿಸಿ. "ಪ್ರತಿ ತಿಂಗಳು 5" ಎಂದು ಕೆಳಕ್ಕೆ ಎಳೆದು ತುಂಬಿಸುವುದು ಬೇಡ.

ಬೌನ್ಸ್ ಆದ ಕಂತು. ಖಾತೆಯಲ್ಲಿ ಹಣವಿಲ್ಲದೆ ಕಂತು ತಪ್ಪಿದಾಗ ಕೆಲವೊಮ್ಮೆ ಸ್ಟೇಟ್‌ಮೆಂಟ್‌ನಲ್ಲಿ ಸಾಲೇ ಇರುವುದಿಲ್ಲ. ಇನ್ನು ಕೆಲವೊಮ್ಮೆ ಎರಡು ಸಾಲು ಇರುತ್ತವೆ: ಮೊದಲು ಮಾಮೂಲಿನಂತೆ ಖರೀದಿ, ಅದರ ಹಿಂದೆಯೇ ಅಷ್ಟೇ ಮೊತ್ತ, ಅಷ್ಟೇ ಯೂನಿಟ್ ಆವರಣದೊಳಗೆ, ವಿವರದಲ್ಲಿ Rejection ಅಥವಾ Reversal. ನಮ್ಮ ಉದಾಹರಣೆಯ ಆಗಸ್ಟ್ ಹೀಗಿದೆ. 184.493 ಯೂನಿಟ್ ಬಂದು, ಮತ್ತೆ 184.493 ಯೂನಿಟ್ ಹೋಗಿದೆ. ಎರಡನ್ನೂ ಬಿಟ್ಟುಬಿಡಿ. ಒಂದನ್ನು ಬರೆದು ಇನ್ನೊಂದನ್ನು ಮರೆತರೆ ಆಗುವ ಅನಾಹುತವನ್ನು ಮುಂದೆ ಅಂಕಿಯಲ್ಲೇ ನೋಡುತ್ತೇವೆ.

ಹಿಂತೆಗೆತ. 2023ರ ಅಕ್ಟೋಬರ್ 12ರಂದು 364 ಯೂನಿಟ್ ಮಾರಾಟವಾಗಿದೆ, ಎನ್‌ಎವಿ 55.0000. ಗುಣಿಸಿದರೆ 20,020 ರೂಪಾಯಿ. ಆದರೆ ಬ್ಯಾಂಕಿಗೆ ಬಂದದ್ದು 19,819.60. ಯಾವ ಯೂನಿಟ್‌ಗೂ ವರ್ಷ ತುಂಬಿರಲಿಲ್ಲ, ಈ ಫಂಡಿನಲ್ಲಿ ವರ್ಷದೊಳಗೆ ಮಾರಿದರೆ ಶೇ. 1 ಎಕ್ಸಿಟ್ ಲೋಡ್, ಅಂದರೆ 200.20 ರೂಪಾಯಿ. ಮೇಲೆ ಇಪ್ಪತ್ತು ಪೈಸೆ ಎಸ್‌ಟಿಟಿ ಎಂಬ ವ್ಯವಹಾರ ತೆರಿಗೆ. ಪಟ್ಟಿಗೆ ಬರೆಯಬೇಕಾದ್ದು ಕೈಗೆ ಬಂದ 19,819.60. ಲೋಡ್ ಕಳೆದ ಬೆಲೆಯೋ ಕಳೆಯುವ ಮುಂಚಿನ ಬೆಲೆಯೋ ಎಂಬ ಗೊಂದಲ ಬಂದರೆ ಪಾಸ್‌ಬುಕ್ಕಿನ ಅಂಕಿಯೇ ಪ್ರಮಾಣ.

ಐಡಿಸಿಡಬ್ಲ್ಯು, ಅಂದರೆ ಫಂಡ್ ಆಗಾಗ ಹೂಡಿಕೆದಾರರಿಗೆ ಹಂಚುವ ಹಣ. ಗ್ರೋತ್ ಪ್ಲಾನ್‌ನಲ್ಲಿ ಈ ತೊಡಕಿಲ್ಲ. ಐಡಿಸಿಡಬ್ಲ್ಯು ಪ್ಲಾನ್ ಇದ್ದು ಹಣ ಬ್ಯಾಂಕಿಗೆ ಬಂದಿದ್ದರೆ ಅದು ಹಿಂತೆಗೆತದ ಹಾಗೆಯೇ ಕೈಗೆ ಬಂದ ಹಣ, ಆ ತಾರೀಖಿಗೆ ಬರೆಯಿರಿ. ಅದೇ ಹಣ ಮತ್ತೆ ಯೂನಿಟ್ ಆಗಿದ್ದರೆ, ಅಂದರೆ ಸಾಲಿನಲ್ಲಿ Reinvestment ಎಂದಿದ್ದರೆ, ಬರೆಯಬೇಡಿ. ನಿಮ್ಮ ಜೇಬಿನಿಂದ ಏನೂ ಹೋಗಿಲ್ಲ, ಜೇಬಿಗೆ ಏನೂ ಬಂದಿಲ್ಲ. ಆ ಯೂನಿಟ್‌ಗಳ ಫಲ ಕೊನೆಯ ಬೆಲೆಯಲ್ಲಿ ತಾನಾಗಿ ಸೇರಿರುತ್ತದೆ. ಇದನ್ನು ಹೊಸ ಹೂಡಿಕೆ ಎಂದು ಬರೆದವರ ಗಳಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ.

ಸ್ವಿಚ್. ಒಂದು ಫಂಡಿನಿಂದ ಇನ್ನೊಂದಕ್ಕೆ ಹಣ ಸರಿಸಿದ್ದರೆ, ಪ್ರತಿ ಫಂಡನ್ನು ಬೇರೆ ಬೇರೆ ಅಳೆಯುವಾಗ Switch Out ಹಿಂತೆಗೆತವೆಂದೂ Switch In ಖರೀದಿಯೆಂದೂ ಬರೆಯಬೇಕು. ಎಲ್ಲವನ್ನೂ ಒಟ್ಟಿಗೆ ಅಳೆಯುವಾಗ ಎರಡೂ ಬೇಡ.

## ಹಂತ 4: ಪಟ್ಟಿ ಮಾಡಿ, ಚಿಹ್ನೆ ಹಾಕಿ

ಈಗ ಸ್ಪ್ರೆಡ್‌ಶೀಟ್ ತೆರೆದು A ಕಂಬದಲ್ಲಿ ತಾರೀಖು, B ಕಂಬದಲ್ಲಿ ಮೊತ್ತ ತುಂಬಿ. ನಿಮ್ಮ ಜೇಬಿನಿಂದ ಹೋದದ್ದಕ್ಕೆ ಮೈನಸ್, ಜೇಬಿಗೆ ಬಂದದ್ದಕ್ಕೆ ಪ್ಲಸ್. ಕೊನೆಯ ಬೆಲೆಯನ್ನು, ಇವತ್ತು ಪೂರ್ತಿ ಮಾರಿದ್ದರೆ ಕೈಗೆ ಬರುತ್ತಿದ್ದ ಹಣವೆಂಬಂತೆ, ಪ್ಲಸ್ ಆಗಿ ಕೊನೆಯ ಸಾಲಿನಲ್ಲಿ ಬರೆಯಿರಿ.

ಇಲ್ಲಿ ಸ್ಟೇಟ್‌ಮೆಂಟ್ ನಿಮ್ಮನ್ನು ದಾರಿ ತಪ್ಪಿಸಬಹುದು. ಅದು ಫಂಡಿನ ಕಡೆಯಿಂದ ಬರೆದದ್ದು. ಅದರಲ್ಲಿ ಖರೀದಿ ಪ್ಲಸ್, ಹಿಂತೆಗೆತ ಆವರಣದೊಳಗೆ, ಅಂದರೆ ಮೈನಸ್. ನಮ್ಮ ಪಟ್ಟಿ ಅದಕ್ಕೆ ಪೂರ್ತಿ ತದ್ವಿರುದ್ಧ.

```
      A             B
2   05-01-2023   -10000
3   06-02-2023   -10000
4   06-03-2023   -10000
5   05-04-2023   -10000
6   05-05-2023   -10000
7   05-06-2023   -10000
8   05-07-2023   -10000
9   05-09-2023   -10000
10  05-10-2023   -10000
11  12-10-2023   19819.60
12  06-11-2023   -10000
13  05-12-2023   -10000
14  05-01-2024   100045.15
```

ಆಗಸ್ಟ್ ಇಲ್ಲ ಎಂಬುದನ್ನು ಗಮನಿಸಿ. ಮೊದಲ ಸಾಲಿನಲ್ಲಿ ಎಲ್ಲಕ್ಕಿಂತ ಹಳೆಯ ತಾರೀಖು ಇರಲೇಬೇಕು. ಉಳಿದವು ಹಿಂದೆ ಮುಂದೆ ಆದರೂ ಎಕ್ಸೆಲ್ ತಪ್ಪು ಹೇಳುವುದಿಲ್ಲ, ಆದರೆ ಮೊದಲ ಸಾಲಿಗಿಂತ ಹಳೆಯ ತಾರೀಖು ಕೆಳಗೆಲ್ಲೋ ಇದ್ದರೆ #NUM! ಬರುತ್ತದೆ. ಸಾಲುಗಳ ನಡುವೆ "ಒಟ್ಟು" ಎಂದು ಮೊತ್ತ ಬರೆಯುವ ಅಭ್ಯಾಸವಿದ್ದರೆ ಅದನ್ನು ಬೇರೆ ಕಂಬಕ್ಕೆ ಸರಿಸಿ.

## ಹಂತ 5: ಸೂತ್ರ ಹಾಕಿ

D1 ಸೆಲ್‌ನಲ್ಲಿ ಹೀಗೆ ಬರೆಯಿರಿ:

```
=XIRR(B2:B14, A2:A14)
```

ಮೊದಲು ಮೊತ್ತ, ಆಮೇಲೆ ತಾರೀಖು. ಸೆಲ್ ಅನ್ನು ಶೇಕಡಾ ರೂಪಕ್ಕೆ ಬದಲಿಸಿ ಎರಡು ದಶಮಾಂಶ ಇಟ್ಟರೆ 17.86% ಕಾಣುತ್ತದೆ. ಶೇಕಡಾ ಮಾಡದಿದ್ದರೆ 0.1786 ಎಂದಿರುತ್ತದೆ. ಅದನ್ನು ಸೊನ್ನೆಗೆ ಹತ್ತಿರದ ಗಳಿಕೆ ಎಂದು ಓದಿಕೊಳ್ಳಬೇಡಿ.

ಇದೇ ಹೂಡಿಕೆಯನ್ನು ಸಾದಾ ಶೇಕಡಾವಾರಿನಲ್ಲಿ ನೋಡಿದರೆ, ಕಟ್ಟಿದ್ದು 1,10,000, ಹಿಂತೆಗೆದದ್ದೂ ಈಗಿನ ಬೆಲೆಯೂ ಸೇರಿ 1,19,864.75. ಲಾಭ 9,864.75, ಅಂದರೆ ಶೇ. 8.97. ಎರಡೂ ಅಂಕಿ ಸರಿಯೇ. 8.97 ಎಂಬುದು ಕಟ್ಟಿದ ಹಣಕ್ಕೆ ಬಂದ ಒಟ್ಟು ಲಾಭ. 17.86 ಎಂಬುದು ಆ ಹಣ ದುಡಿದ ವೇಗ. ಇಡೀ 1,10,000 ವರ್ಷವಿಡೀ ಫಂಡಿನಲ್ಲಿ ಇರಲಿಲ್ಲ, ಕಂತುಗಳ ಸರಾಸರಿ ವಯಸ್ಸು ಏಳು ತಿಂಗಳೂ ಆಗಿಲ್ಲ. ಲಾಭ ಬಂದದ್ದು ಅಷ್ಟು ಕಡಿಮೆ ಸಮಯದಲ್ಲಿ. "ವರ್ಷಕ್ಕೆ ಶೇ. 9 ಬಂತು" ಎಂದು ಬ್ಯಾಂಕ್ ಠೇವಣಿಯ ಬಡ್ಡಿಗೆ ಹೋಲಿಸಿದರೆ ಹೋಲಿಕೆಯೇ ತಪ್ಪು.

## ಹಂತ 6: ಉತ್ತರವನ್ನು ತಾಳೆ ನೋಡಿ

XIRR ಮಾಡುವುದಿಷ್ಟು: ಪ್ರತಿ ಕಂತೂ ಒಂದೇ ವಾರ್ಷಿಕ ದರದಲ್ಲಿ, ತಾನಿದ್ದಷ್ಟು ದಿನ ಬೆಳೆದಿದೆ ಎಂದುಕೊಂಡು, ಕೊನೆಯ ದಿನಕ್ಕೆ ಎಲ್ಲವೂ ಸೇರಿ ನಿಮ್ಮ ಕೈಯಲ್ಲಿರುವ ಬೆಲೆಗೆ ಸರಿಹೊಂದುವ ದರವನ್ನು ಹುಡುಕುತ್ತದೆ. ಹುಡುಕಿದ ದರವನ್ನು ನೀವು ತಿರುಗಿ ಪರೀಕ್ಷಿಸಬಹುದು.

ಜನವರಿಯ ಮೊದಲ ಕಂತು 365 ದಿನ ಇತ್ತು. ಶೇ. 17.86ರಂತೆ ಬೆಳೆದು 11,786 ಆಗುತ್ತದೆ. ಜುಲೈ ಕಂತಿಗೆ 184 ದಿನ ಸಿಕ್ಕಿತು, ಅದು 10,864. ಡಿಸೆಂಬರ್ ಕಂತಿಗೆ ಸಿಕ್ಕಿದ್ದು ಬರೀ 31 ದಿನ, 10,141. ಹೀಗೆ ಹನ್ನೊಂದೂ ಕಂತುಗಳನ್ನು ಬೆಳೆಸಿ ಕೂಡಿಸಿದರೆ ಸುಮಾರು 1,20,638. ಅಕ್ಟೋಬರ್‌ನಲ್ಲಿ ಹೊರಬಿದ್ದ 19,819.60 ಒಳಗೇ ಉಳಿದಿದ್ದರೆ 85 ದಿನದಲ್ಲಿ ಸುಮಾರು 20,593 ಆಗುತ್ತಿತ್ತು, ಅದನ್ನು ಕಳೆಯಬೇಕು. ಉಳಿಯುವುದು 1,00,045. ಸ್ಟೇಟ್‌ಮೆಂಟ್‌ನ ಬೆಲೆಯೂ ಅದೇ.

ಹಾಳೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ಮಾಡಬಹುದು:

```
=SUMPRODUCT(B2:B14, (1+D1)^((A14-A2:A14)/365))
```

ಉತ್ತರ ಸೊನ್ನೆಗೆ ಬಹಳ ಹತ್ತಿರ ಇರಬೇಕು. ಒಂದೆರಡು ಪೈಸೆ ಆಚೀಚೆ ಇದ್ದರೆ ಪರವಾಗಿಲ್ಲ. ನೂರಾರು ರೂಪಾಯಿ ತೋರಿಸಿದರೆ XIRR ಸರಿಯಾದ ದರ ಹುಡುಕದೆ ನಿಂತುಬಿಟ್ಟಿದೆ. ಆದರೆ ಈ ಪರೀಕ್ಷೆಯಲ್ಲಿ ಒಂದು ಮಿತಿಯಿದೆ: ಪಟ್ಟಿಯೇ ತಪ್ಪಿದ್ದರೆ ಅದು ಹಿಡಿಯುವುದಿಲ್ಲ. ಅದಕ್ಕೆ ಬೇರೆ ತಾಳೆ ಬೇಕು. ಪಟ್ಟಿಯಲ್ಲಿನ ಮೈನಸ್ ಸಾಲುಗಳನ್ನು ಎಣಿಸಿ, ಪಾಸ್‌ಬುಕ್ಕಿನಲ್ಲಿ ಆ ಫಂಡಿಗೆ ಕಡಿತವಾಗಿ ಹಿಂದಿರುಗದ ಕಂತುಗಳನ್ನು ಎಣಿಸಿ. ಎರಡೂ ಹೊಂದಬೇಕು. ನಮ್ಮಲ್ಲಿ ಹನ್ನೊಂದು.

## ಹಂತ 7: ಅನುಮಾನ ಹುಟ್ಟಿಸಬೇಕಾದ ಉತ್ತರಗಳು

ಚಿಕ್ಕ ತಪ್ಪಿಗೆ ಚಿಕ್ಕ ವ್ಯತ್ಯಾಸ ಬರುತ್ತದೆ ಎಂದುಕೊಳ್ಳುವುದು ಸಹಜ. ಇಲ್ಲಿ ಹಾಗಾಗುವುದಿಲ್ಲ. ಬೌನ್ಸ್ ಆದ ಆಗಸ್ಟ್ ಕಂತನ್ನು ಕಟ್ಟಿದ್ದೆಂದು ಬರೆದು ಅದರ ಹಿಂದೆಯೇ ಬಂದ ರದ್ದತಿಯನ್ನು ಬಿಟ್ಟರೆ, ಇದೇ ಹೂಡಿಕೆಯ XIRR 17.86ರಿಂದ ಮೈನಸ್ 0.22ಕ್ಕೆ ಬೀಳುತ್ತದೆ. ಲಾಭ ಹತ್ತು ಸಾವಿರದ ಹತ್ತಿರವಿತ್ತು, ಬರೆದ ಸುಳ್ಳು ಹೂಡಿಕೆಯೂ ಹತ್ತು ಸಾವಿರ, ಎರಡೂ ವಜಾ ಆಗಿಬಿಟ್ಟವು. ಅಕ್ಟೋಬರ್‌ನ ಹಿಂತೆಗೆತವನ್ನು ಬರೆಯಲು ಮರೆತರೆ ಉತ್ತರ ಸುಮಾರು ಮೈನಸ್ 16. ಎನ್‌ಎವಿ 50ರಿಂದ 57ಕ್ಕೆ ಏರಿದ ವರ್ಷದಲ್ಲಿ ಮೈನಸ್ ಬಂದರೆ ಫಂಡನ್ನು ಬೈಯುವ ಮುಂಚೆ ಪಟ್ಟಿಯನ್ನು ನೋಡಬೇಕು.

ಇದೇ ಒಂದು ಒರಟು ಅಳತೆಗೋಲು. ಮೊದಲ ಕಂತಿನ ಎನ್‌ಎವಿಗೂ ಈಗಿನ ಎನ್‌ಎವಿಗೂ ಇರುವ ಏರಿಕೆ ನೋಡಿಟ್ಟುಕೊಳ್ಳಿ. ನಮ್ಮಲ್ಲಿ ಅದು ಶೇ. 14. XIRR ಅದಕ್ಕಿಂತ ಹೆಚ್ಚಾಗಲು ಕಾರಣ ಸ್ಟೇಟ್‌ಮೆಂಟ್‌ನಲ್ಲೇ ಇದೆ: ಫೆಬ್ರುವರಿ, ಮಾರ್ಚ್, ಏಪ್ರಿಲ್ ಕಂತುಗಳು 50ಕ್ಕಿಂತ ಕೆಳಗೆ, 48ರ ಆಸುಪಾಸಿನಲ್ಲಿ ಯೂನಿಟ್ ಕೊಂಡಿವೆ. ವ್ಯತ್ಯಾಸಕ್ಕೆ ಇಂಥ ಕಾರಣ ಕಾಣದಿದ್ದರೆ ಹಂತ 3ಕ್ಕೆ ಹಿಂದಿರುಗಿ.

ಸೂತ್ರವೇ ತಪ್ಪು ಸಂದೇಶ ಕೊಟ್ಟಾಗ ಹೀಗೆ ಹುಡುಕಿ. #NUM! ಬಂದರೆ ಸಾಮಾನ್ಯವಾಗಿ ಎಲ್ಲ ಮೊತ್ತಗಳಿಗೂ ಒಂದೇ ಚಿಹ್ನೆ ಇರುತ್ತದೆ, ಅಥವಾ ಮೊದಲ ಸಾಲಿಗಿಂತ ಹಳೆಯ ತಾರೀಖು ಕೆಳಗೆ ನುಸುಳಿರುತ್ತದೆ. ಚಿಹ್ನೆಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ಬರೆದಿದ್ದರೆ ತೊಂದರೆಯಿಲ್ಲ, ಅದೇ ಉತ್ತರ ಬರುತ್ತದೆ. ಖರೀದಿಗಳನ್ನು ಸ್ಟೇಟ್‌ಮೆಂಟ್‌ನಂತೆ ಪ್ಲಸ್ ಬರೆದು ಕೊನೆಯ ಬೆಲೆಯನ್ನೂ ಪ್ಲಸ್ ಬರೆದಾಗ ಕೆಡುತ್ತದೆ. #VALUE! ಬಂದರೆ ಯಾವುದೋ ತಾರೀಖು ಅಕ್ಷರವಾಗಿ ಕುಳಿತಿದೆ. ಪಕ್ಕದ ಸೆಲ್‌ನಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆಯಿರಿ:

```
=ISNUMBER(A2)
```

FALSE ತೋರಿಸಿದ ಸಾಲಿನ ತಾರೀಖನ್ನು ಮತ್ತೆ ಟೈಪ್ ಮಾಡಿ. ಇದಕ್ಕಿಂತ ಅಪಾಯಕಾರಿಯಾದದ್ದು ಯಾವ ಸಂದೇಶವೂ ಬರದ ತಪ್ಪು. ಕಂಪ್ಯೂಟರ್ ತಿಂಗಳನ್ನು ಮುಂದಿಟ್ಟು ಓದುವಂತೆ ಹೊಂದಿಸಿದ್ದರೆ 06-02-2023 ಎಂಬುದು ಜೂನ್ 2 ಆಗಿಬಿಡುತ್ತದೆ. ದಿನ 12ರೊಳಗೆ ಇರುವ ಎಲ್ಲ ಕಂತುಗಳಿಗೂ ಈ ಅಪಾಯವಿದೆ. ತಾರೀಖಿನ ಕಂಬವನ್ನು ತಿಂಗಳ ಹೆಸರು ಕಾಣುವ ರೂಪಕ್ಕೆ ಬದಲಿಸಿ ಒಮ್ಮೆ ಕಣ್ಣಾಡಿಸಿದರೆ ಸಾಕು, ಗೊತ್ತಾಗುತ್ತದೆ.

ಇನ್ನೊಂದು, ಎಕ್ಸೆಲ್‌ಗೇ ಸೇರಿದ ವಿಚಿತ್ರ. ಉತ್ತರ 0.00% ಎಂದು ಕಾಣುತ್ತಿದ್ದು, ಸೆಲ್‌ನ ರೂಪ ಬದಲಿಸಿದರೆ 2.98E-09 ಎಂಬ ಅಂಕಿ ಇದ್ದರೆ ಅದು ಗಳಿಕೆಯಲ್ಲ, ಸೂತ್ರ ಸೋತಿದ್ದರ ಗುರುತು. ಮೊದಲ ಸಾಲಿನ ಮೊತ್ತ ಸೊನ್ನೆ ಇದ್ದಾಗ ಅಥವಾ ನಷ್ಟ ದೊಡ್ಡದಿದ್ದಾಗ ಹೀಗಾಗುತ್ತದೆ. ಸೊನ್ನೆಯ ಸಾಲು ತೆಗೆಯಿರಿ. ಆಗಲೂ ಸರಿಹೋಗದಿದ್ದರೆ ಎಲ್ಲಿಂದ ಹುಡುಕಬೇಕೆಂಬ ಸುಳಿವನ್ನು ಮೂರನೆಯ ಅಂಕಿಯಾಗಿ ಕೊಡಿ, ಏನೂ ಕೊಡದಿದ್ದರೆ ಎಕ್ಸೆಲ್ ಶೇ. 10ರಿಂದ ಆರಂಭಿಸುತ್ತದೆ:

```
=XIRR(B2:B14, A2:A14, -0.1)
```

ಹಂತ 6ರ ತಾಳೆಯ ಸೂತ್ರ ಮುಖ್ಯವಾಗಿ ಇಂಥ ಸೋಲನ್ನು ಹಿಡಿಯಲಿಕ್ಕೇ ಇದೆ.

## ಹಂತ 8: ಬಂದ ಅಂಕಿಯನ್ನು ಎಷ್ಟು ನಂಬಬೇಕು

ಲೆಕ್ಕ ಸರಿಯಿದ್ದರೂ ಚಿಕ್ಕ ವಯಸ್ಸಿನ ಎಸ್‌ಐಪಿಯ XIRR ತುಂಬಾ ಓಲಾಡುತ್ತದೆ. ಉದಾಹರಣೆಯ ಕೊನೆಯ ದಿನ ಎನ್‌ಎವಿ 57ರ ಬದಲು ಶೇ. 1 ಕಡಿಮೆ, ಅಂದರೆ 56.43 ಇದ್ದಿದ್ದರೆ XIRR 17.86 ಅಲ್ಲ, 16.0. ಮಾರುಕಟ್ಟೆ ಒಂದೇ ದಿನದಲ್ಲಿ ಶೇ. 1 ಇಳಿಯುವುದು ಮಾಮೂಲು. ಸರಾಸರಿ ಏಳು ತಿಂಗಳೂ ಆಗದ ಹಣಕ್ಕೆ ಬಂದ ಏರಿಳಿತವನ್ನು ಸೂತ್ರ ಇಡೀ ವರ್ಷಕ್ಕೆ ಹಿಗ್ಗಿಸುವುದರಿಂದ ಹೀಗಾಗುತ್ತದೆ. ಮೊದಲ ಕಂತಿಗೆ ವರ್ಷ ತುಂಬುವ ಮುಂಚೆ XIRR ನೋಡಲೇಬೇಡಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಯವರೆಗೆ ಸಾದಾ ಶೇಕಡಾವಾರು ಸಾಕು. ಎರಡು ಮೂರು ವರ್ಷದ ಕಂತುಗಳಾದ ಮೇಲೆ ಈ ಓಲಾಟ ತಾನಾಗಿ ತಗ್ಗುತ್ತದೆ.

ಫಂಡ್ ಕಂಪನಿಯ ಮಾಸಿಕ ಪತ್ರದಲ್ಲಿ ಕಾಣುವ "1 ವರ್ಷದ ಗಳಿಕೆ" ಎಂಬ ಅಂಕಿಗೆ ನಿಮ್ಮ XIRR ಹೋಲಿಸಬೇಡಿ. ಅದು ಮೊದಲ ದಿನ ಒಂದೇ ಗಂಟಿನಲ್ಲಿ ಹಾಕಿದ ಹಣದ್ದು, ನಮ್ಮ ಉದಾಹರಣೆಯ ಶೇ. 14ರಂತೆ. ಫಂಡ್ ಸೂಚ್ಯಂಕವನ್ನು ಮೀರಿಸಿತೇ ಎಂದು ತಿಳಿಯಬೇಕಿದ್ದರೆ ನಿಮ್ಮವೇ ತಾರೀಖು, ನಿಮ್ಮವೇ ಮೊತ್ತ ಇಟ್ಟುಕೊಂಡು ಒಂದು ಇಂಡೆಕ್ಸ್ ಫಂಡಿನ ಎನ್‌ಎವಿಯಲ್ಲಿ ಎಷ್ಟು ಯೂನಿಟ್ ಸಿಗುತ್ತಿತ್ತು, ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿ ಅದರ XIRR ತೆಗೆಯಬೇಕು. ಹಳೆಯ ಎನ್‌ಎವಿಗಳು ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಸಿಗುತ್ತವೆ.

ತೆರಿಗೆ ಈ ಅಂಕಿಯಲ್ಲಿ ಸೇರಿಲ್ಲ. ಇವತ್ತೇ ಮಾರಿದರೆ ಬೀಳುವ ಎಕ್ಸಿಟ್ ಲೋಡೂ ಸೇರಿಲ್ಲ. ಬೇಗ ಮಾರುವ ಯೋಚನೆಯಿದ್ದರೆ ಕೊನೆಯ ಬೆಲೆಯಿಂದ ಅವೆರಡನ್ನೂ ಕಳೆದು ಇನ್ನೊಮ್ಮೆ ಸೂತ್ರ ಓಡಿಸಿ.

## ಒಂದಕ್ಕಿಂತ ಹೆಚ್ಚು ಫಂಡ್ ಇದ್ದರೆ

ಪ್ರತಿ ಫಂಡಿನ XIRR ಕೂಡಿಸಿ ಸರಾಸರಿ ತೆಗೆಯುವುದು ತಪ್ಪು. ಒಂದರಲ್ಲಿ ಐದು ವರ್ಷದ ಹಣ, ಇನ್ನೊಂದರಲ್ಲಿ ಐದು ತಿಂಗಳಿನದ್ದು ಇದ್ದಾಗ ಆ ಸರಾಸರಿಗೆ ಅರ್ಥವಿಲ್ಲ. ಎಲ್ಲ ಫಂಡ್‌ಗಳ ಸಾಲುಗಳನ್ನೂ ಒಂದೇ ಪಟ್ಟಿಗೆ ಸುರಿದು, ತಾರೀಖಿನ ಪ್ರಕಾರ ಜೋಡಿಸಿ, ಕೊನೆಯಲ್ಲಿ ಎಲ್ಲದರ ಬೆಲೆ ಒಟ್ಟುಗೂಡಿಸಿ ಒಂದೇ ಪ್ಲಸ್ ಸಾಲು ಬರೆಯಿರಿ. ಒಂದೇ ತಾರೀಖಿಗೆ ಎರಡು ಮೂರು ಸಾಲು ಇದ್ದರೂ ಸೂತ್ರಕ್ಕೆ ತೊಡಕಿಲ್ಲ. ಪೂರ್ತಿ ಮಾರಿದ ಫಂಡ್‌ಗಳನ್ನೂ ಸೇರಿಸಿ. ನಷ್ಟವಾದದ್ದನ್ನು ಮಾರಿ ಪಟ್ಟಿಯಿಂದ ಬಿಟ್ಟರೆ ಉಳಿದ ಅಂಕಿ ಚೆನ್ನಾಗಿ ಕಾಣುತ್ತದೆ, ಆದರೆ ಅದು ನಿಮ್ಮ ಹಣದ ಗಳಿಕೆಯಲ್ಲ.

ಮುಂದಿನ ಸಲ ಲೆಕ್ಕ ಹಾಕುವಾಗ ಪಟ್ಟಿಯನ್ನು ಹೊಸದಾಗಿ ಮಾಡಬೇಕಿಲ್ಲ. ಮೊದಲು ಹಳೆಯ ಕೊನೆಯ ಬೆಲೆಯ ಸಾಲನ್ನು ಅಳಿಸಿ, ಆಮೇಲೆ ಹೊಸ ಕಂತುಗಳನ್ನು ಸೇರಿಸಿ, ಹೊಸ ಬೆಲೆಯನ್ನು ಅದರ ಎನ್‌ಎವಿ ತಾರೀಖಿನೊಂದಿಗೆ ಕೊನೆಯಲ್ಲಿ ಬರೆದು, ಸೂತ್ರದ ಸೆಲ್‌ಗಳ ವ್ಯಾಪ್ತಿ ಹಿಗ್ಗಿಸಿ. ಅಳಿಸುವುದು ಮರೆತರೆ ಹೂಡಿಕೆಯನ್ನು ಎರಡು ಸಲ ಮಾರಿದಂತಾಗಿ XIRR ನಂಬಲಾಗದಷ್ಟು ಮೇಲೇರುತ್ತದೆ. ಕಳೆದ ಸಲ ಹದಿನೇಳಿದ್ದ ಅಂಕಿ ಈ ಸಲ ನೂರು ದಾಟಿದ್ದರೆ ಮೊದಲು ಹುಡುಕಬೇಕಾದ್ದು ಪಟ್ಟಿಯ ನಡುವೆ ಉಳಿದುಹೋದ ಆ ಸಾಲನ್ನು.